ಕುಲುಕದ ಶೇರುಗಳ ಲೆಕ್ಕಾಚಾರ

ಶೇರು ಪೇಟೆಗೆ ಹೊಸದಾಗಿ ಕಾಲಿಟ್ಟವರಿಗೆ ಮೊದಲ ದಿನವೇ ಯಾರಾದರೂ ಒಂದು ಪಾಠ ಹೇಳಿಬಿಡುತ್ತಾರೆ: ಹೆಚ್ಚು ಲಾಭ ಬೇಕಾದರೆ ಹೆಚ್ಚು ಅಪಾಯಕ್ಕೆ ಎದೆಗೊಡಬೇಕು. ಬ್ಯಾಂಕ್ ಠೇವಣಿ, ಬಾಂಡು, ಶೇರು ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ಸರಿಯೇ. ಶೇರುಗಳನ್ನು ಶೇರುಗಳ ಜೊತೆಗೇ ಹೋಲಿಸಲು ಹೊರಟಾಗ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

ಮಾಲ್ಕಂ ಬೇಕರ್, ಬ್ರೆಂಡನ್ ಬ್ರಾಡ್ಲಿ, ಜೆಫ್ರಿ ವರ್ಗ್ಲರ್ ಎಂಬ ಮೂವರು 2011ರಲ್ಲಿ ಅಮೆರಿಕದ ಪೇಟೆಯ 41 ವರ್ಷಗಳ ಲೆಕ್ಕವನ್ನು ಪ್ರಕಟಿಸಿದರು. ಅವರು ಮಾಡಿದ್ದು ಇಷ್ಟೆ: 1968ರ ಜನವರಿಯಿಂದ 2008ರ ಡಿಸೆಂಬರ್‌ವರೆಗೆ ಪ್ರತಿ ತಿಂಗಳೂ ಶೇರುಗಳನ್ನೆಲ್ಲ ಹಿಂದಿನ ಏರಿಳಿತದ ಪ್ರಕಾರ ಸಾಲಾಗಿ ನಿಲ್ಲಿಸಿ, ಐದು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಒಂದು ಡಾಲರ್ ಹಾಕಿದ್ದರೆ ಏನಾಗುತ್ತಿತ್ತು ಎಂದು ನೋಡಿದರು. ಅತಿ ಕಡಿಮೆ ಕುಲುಕುವ ಗುಂಪಿನ ಒಂದು ಡಾಲರ್ 59.55 ಡಾಲರ್ ಆಗಿತ್ತು. ಅತಿ ಹೆಚ್ಚು ಕುಲುಕುವ ಗುಂಪಿನ ಒಂದು ಡಾಲರ್ 58 ಸೆಂಟ್‌ಗೆ ಇಳಿದಿತ್ತು, ಅಂದರೆ ಅಸಲೂ ಉಳಿದಿರಲಿಲ್ಲ. ಏರಿಳಿತದ ಬದಲು ಬೀಟಾ ಎಂಬ ಇನ್ನೊಂದು ಅಳತೆಯಿಂದ ವಿಂಗಡಿಸಿದಾಗಲೂ ಕಡಿಮೆ ಬೀಟಾದ ಗುಂಪು 60.46 ಡಾಲರ್ ತಲುಪಿತು, ಹೆಚ್ಚು ಬೀಟಾದ್ದು 3.77ಕ್ಕೆ ನಿಂತಿತು.

ಈ ಅಂಕಿಗಳನ್ನು ಓದುವಾಗ ಎರಡು ಸಂಗತಿ ನೆನಪಿರಲಿ. ಲೆಕ್ಕ ಮುಗಿಯುವುದು 2008ರ ಡಿಸೆಂಬರ್‌ನಲ್ಲಿ, ಪೇಟೆ ಪಾತಾಳಕ್ಕಿಳಿದಿದ್ದ ಹೊತ್ತಿನಲ್ಲಿ. ಆಗ ಶಾಂತ ಶೇರುಗಳು ಚೆನ್ನಾಗಿ ಕಾಣುವುದು ಸಹಜ. ಇನ್ನೊಂದು, ತಿಂಗಳು ತಿಂಗಳೂ ಕೊಂಡು ಮಾರುವ ಖರ್ಚನ್ನು ಇದರಲ್ಲಿ ಕಳೆದಿಲ್ಲ. ಈ ಖರ್ಚಿನ ವಿಷಯಕ್ಕೆ ಆಮೇಲೆ ಬರೋಣ, ಏಕೆಂದರೆ ಮನೆಯಲ್ಲಿ ಕುಳಿತು ಇದನ್ನು ಮಾಡಹೊರಟವರ ಲಾಭ ಸೋರಿ ಹೋಗುವುದು ಅಲ್ಲಿಯೇ.

ಈ ಸಂಗತಿ 2011ರಲ್ಲಿ ಹೊಸದೇನೂ ಆಗಿರಲಿಲ್ಲ. ವಿಲಿಯಂ ಶಾರ್ಪ್ 1964ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಬೀಟಾ ಹೆಚ್ಚಿದಂತೆ ಲಾಭವೂ ನೇರ ಗೆರೆಯಲ್ಲಿ ಏರಬೇಕು. 1972ರಲ್ಲಿ ಫಿಶರ್ ಬ್ಲ್ಯಾಕ್, ಮೈಕೆಲ್ ಜೆನ್ಸನ್, ಮೈರನ್ ಶೋಲ್ಸ್ ಆ ಗೆರೆಯನ್ನು ನಿಜವಾದ ಅಂಕಿಗಳ ಮೇಲೆ ಎಳೆದು ನೋಡಿದಾಗ ಅದು ಹೇಳಿದಷ್ಟು ಕಡಿದಾಗಿರಲಿಲ್ಲ. ಅದೇ ಕಾಲದಲ್ಲಿ ರಾಬರ್ಟ್ ಹೌಗನ್ ಮತ್ತು ಜೇಮ್ಸ್ ಹೈನ್ಸ್ 1926ರಿಂದ ಮುಂದಿನ ಅಂಕಿಗಳನ್ನು ಜಾಲಾಡಿ, ಹೆಚ್ಚು ಅಪಾಯಕ್ಕೆ ಹೆಚ್ಚು ಪ್ರತಿಫಲ ಸಿಕ್ಕಿಯೇ ಇಲ್ಲ ಎಂದರು. ಆ ಮಾತನ್ನು ಆಗ ಕಿವಿಗೆ ಹಾಕಿಕೊಂಡವರು ಕಡಿಮೆ.

ಹೀಗೇಕಾಗುತ್ತದೆ ಎನ್ನುವುದಕ್ಕೆ ಕೊಡುವ ಕಾರಣಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಬೇಕರ್ ಮತ್ತು ಅವರ ಜೊತೆಗಾರರು ಕೊಟ್ಟದ್ದು. ಜನ ಹತ್ತು ಪಟ್ಟು ಆಗಬಹುದಾದ ಶೇರಿಗೆ ಲಾಟರಿ ಟಿಕೆಟ್‌ಗೆ ಕೊಟ್ಟಂತೆ ಹೆಚ್ಚಿನ ಬೆಲೆ ಕೊಡುತ್ತಾರೆ, ಆದ್ದರಿಂದ ಅದರಿಂದ ಮುಂದೆ ಸಿಗುವ ಲಾಭ ಕಡಿಮೆಯಾಗುತ್ತದೆ. ಇದು ಗೊತ್ತಿರುವ ಫಂಡ್ ಮ್ಯಾನೇಜರ್ ಶಾಂತ ಶೇರುಗಳನ್ನು ಕೊಂಡು ತಪ್ಪನ್ನು ತಿದ್ದಬಹುದಲ್ಲ? ತಿದ್ದುವುದಿಲ್ಲ. ಅವನನ್ನು ಅಳೆಯುವುದು ಸೂಚ್ಯಂಕದ ಎದುರು ನಿಲ್ಲಿಸಿ. ಬೀಟಾ 0.6 ಇರುವ ಶೇರುಗಳನ್ನು ಹಿಡಿದು ಕುಳಿತರೆ, ಪೇಟೆ ಶೇಕಡಾ 25 ಏರಿದ ವರ್ಷ ಅವನು ತುಂಬ ಹಿಂದೆ ಬೀಳುತ್ತಾನೆ, ಕೆಲಸಕ್ಕೇ ಸಂಚಕಾರ ಬರುತ್ತದೆ. ಹಾಗಾಗಿ ತಪ್ಪು ಎಲ್ಲರಿಗೂ ಗೊತ್ತಿದ್ದೂ ತಿದ್ದದೆ ಉಳಿಯುತ್ತದೆ.

ಇನ್ನು ಕೆಲಸಕ್ಕೆ ಇಳಿಯೋಣ. ನಮ್ಮ ದೇಶದಲ್ಲಿ ಇದನ್ನು ಮಾಡಿ ನೋಡಲು ನಿಫ್ಟಿ 100 ಸೂಚ್ಯಂಕದ ಕಂಪನಿಗಳೇ ಸಾಕು. ಇದಕ್ಕಿಂತ ಕೆಳಗೆ, ಸಣ್ಣ ಕಂಪನಿಗಳ ಕಡೆಗೆ ಹೋದರೆ ಅಳತೆಯೇ ಮೋಸ ಮಾಡುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಮಾತ್ರ ಕೈಬದಲಾಗುವ ಶೇರಿನ ಬೆಲೆ ಅಲುಗಾಡುವುದಿಲ್ಲ. ಶಾಂತವಾಗಿದೆ ಎಂಬ ಕಾರಣಕ್ಕಲ್ಲ, ಕೊಳ್ಳುವವರಿಲ್ಲ ಎಂಬ ಕಾರಣಕ್ಕೆ. ಯಾವುದೋ ಕಂಪನಿ ನಿಗದಿತ ಬೆಲೆಗೆ ಶೇರುಗಳನ್ನು ಮರಳಿ ಕೊಳ್ಳುತ್ತೇನೆಂದು ಘೋಷಿಸಿದಾಗಲೂ ಬೆಲೆ ಆ ಅಂಕಿಗೆ ಅಂಟಿಕೊಂಡು ಕೂರಬಹುದು. ಅಂಥವು ಪಟ್ಟಿಯ ತುದಿಗೆ ಬಂದು ಕುಳಿತರೆ ಅದನ್ನು ಕೈಯಿಂದ ತೆಗೆದುಹಾಕಬೇಕು.

ಒಂದು ಸ್ಪ್ರೆಡ್‌ಶೀಟ್‌ನ B ಕಾಲಮಿನಲ್ಲಿ ಸೂಚ್ಯಂಕದ ದಿನದಿನದ ಶೇಕಡಾವಾರು ಬದಲಾವಣೆ, C ಕಾಲಮಿನಿಂದ ಮುಂದಕ್ಕೆ ಒಂದೊಂದು ಶೇರಿನ ದಿನದಿನದ ಬದಲಾವಣೆ ಬರೆದುಕೊಳ್ಳಬೇಕು. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು, ಅಂದರೆ 252 ಸಾಲು. ಆಮೇಲೆ ಪ್ರತಿ ಶೇರಿಗೂ ಎರಡೇ ಸೂತ್ರ:

```
=STDEV.S(C3:C254)*SQRT(252)
=SLOPE(C3:C254, $B$3:$B$254)
```

ಮೊದಲನೆಯದು ಏರಿಳಿತ. ದಿನದ ಬದಲಾವಣೆಗಳು ತಮ್ಮ ಸರಾಸರಿಯಿಂದ ಎಷ್ಟು ದೂರ ಚೆದುರುತ್ತವೆ ಎನ್ನುವುದನ್ನು ಅದು ಅಳೆದು, 252ರ ವರ್ಗಮೂಲದಿಂದ, ಅಂದರೆ ಸುಮಾರು 15.9ರಿಂದ ಗುಣಿಸಿ ವರ್ಷದ ಲೆಕ್ಕಕ್ಕೆ ತರುತ್ತದೆ. ಏರಿಳಿತ ಶೇಕಡಾ 19 ಎಂದರೆ ಶೇರು ದಿನಕ್ಕೆ ಸಾಧಾರಣವಾಗಿ ಶೇಕಡಾ 1.2ರಷ್ಟು ಆಚೀಚೆ ಹೊಯ್ದಾಡುತ್ತದೆ ಎಂದು ತಿಳಿಯಬಹುದು. ಎರಡನೆಯದು ಬೀಟಾ: ಸೂಚ್ಯಂಕ ಶೇಕಡಾ 1 ಏರಿದ ದಿನ ಈ ಶೇರು ಸರಾಸರಿ ಎಷ್ಟು ಏರುತ್ತದೆ, ಇಳಿದ ದಿನ ಎಷ್ಟು ಇಳಿಯುತ್ತದೆ ಎಂಬ ಅನುಪಾತ.

ಎರಡೂ ಒಂದೇ ಎಂದುಕೊಳ್ಳುವವರು ಬಹಳ. ಒಂದು ಕಾಲ್ಪನಿಕ ಪಟ್ಟಿಯಲ್ಲಿ ವ್ಯತ್ಯಾಸ ನೋಡೋಣ. ಸಾಬೂನು ಮಾರುವ ಕಂಪನಿಯ ಏರಿಳಿತ ಶೇಕಡಾ 19, ಬೀಟಾ 0.55. ದೊಡ್ಡ ಬ್ಯಾಂಕೊಂದರದ್ದು 20 ಮತ್ತು 1.05. ವಿದ್ಯುತ್ ಪ್ರಸರಣ ಕಂಪನಿಯದು 22 ಮತ್ತು 0.60. ಔಷಧ ಕಂಪನಿಯದು 27 ಮತ್ತು 0.45. ಉಕ್ಕಿನ ಕಂಪನಿಯದು 36 ಮತ್ತು 1.40. ಏರಿಳಿತವನ್ನು ಮಾತ್ರ ನೋಡಿದರೆ ಬ್ಯಾಂಕು ಎರಡನೆಯ ಸ್ಥಾನದಲ್ಲಿದೆ. ಆದರೆ ಅದು ಪೇಟೆಯ ಜೊತೆಗೇ ಹೆಜ್ಜೆ ಹಾಕುತ್ತದೆ, ಪೇಟೆ ಕುಸಿದ ದಿನ ತಾನೂ ಅಷ್ಟೇ ಕುಸಿಯುತ್ತದೆ. ಬೀಟಾ ಮಾತ್ರ ನೋಡಿದರೆ ಔಷಧ ಕಂಪನಿಯೇ ಮೊದಲು. ಅದು ದಿನವೂ ಸಾಕಷ್ಟು ಕುಲುಕುತ್ತದೆ, ಆದರೆ ಕುಲುಕುವುದು ತನ್ನದೇ ಸುದ್ದಿಗಳಿಗೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯವರು ಕಾರ್ಖಾನೆ ತಪಾಸಣೆ ಮಾಡಿದರು, ಯಾವುದೋ ಪೇಟೆಂಟ್ ಮುಗಿಯಿತು, ಹೀಗೆ. ಪೇಟೆಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದರ ಮೇಲೆ ಅದರ ಗತಿ ನಿಂತಿಲ್ಲ. ಇಪ್ಪತ್ತು ಶೇರುಗಳ ಗುಂಪಿನಲ್ಲಿ ಇಂಥ ಸ್ವಂತ ಕುಲುಕಾಟಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ. ಪೇಟೆಯೊಂದಿಗೆ ಬರುವ ಕುಲುಕಾಟ ಹಾಗೆಯೇ ಉಳಿಯುತ್ತದೆ.

ಅದಕ್ಕೇ ಎರಡೂ ಅಳತೆಯ ಸ್ಥಾನಗಳನ್ನು ಕೂಡಿಸುವ ಪದ್ಧತಿ. ಸಾಬೂನಿನದು ಏರಿಳಿತದಲ್ಲಿ 1, ಬೀಟಾದಲ್ಲಿ 2, ಒಟ್ಟು 3. ಔಷಧದ್ದು 4 ಮತ್ತು 1 ಸೇರಿ 5. ಬ್ಯಾಂಕಿನದು 2 ಮತ್ತು 4, ವಿದ್ಯುತ್ತಿನದು 3 ಮತ್ತು 3, ಎರಡಕ್ಕೂ 6. ಉಕ್ಕಿಗೆ 10. ಐದರಲ್ಲಿ ಮೂರನ್ನು ಆರಿಸಬೇಕಾದರೆ ಸಾಬೂನು, ಔಷಧ ಖಚಿತ, ಮೂರನೆಯದಕ್ಕೆ ಸಮಬಲ. ಇಂಥ ಸಮಬಲದಲ್ಲಿ ಯಾವುದನ್ನು ತೆಗೆದುಕೊಳ್ಳುವುದು ಎಂಬ ನಿಯಮವನ್ನು ಲೆಕ್ಕ ಶುರುಮಾಡುವ ಮೊದಲೇ ಬರೆದಿಡಬೇಕು. ಫಲಿತಾಂಶ ನೋಡಿ ಆಮೇಲೆ ನಿಯಮ ಮಾಡಿದರೆ ಹಳೆಯ ಅಂಕಿಗಳ ಮೇಲೆ ಯಾವ ಲಾಭವನ್ನಾದರೂ ತೋರಿಸಬಹುದು.

ಆರಿಸಿದ ಮೇಲೆ ಯಾವುದಕ್ಕೆ ಎಷ್ಟು ಹಣ? ಸಮಪಾಲು ಮಾಡಬಹುದು, ಇಲ್ಲವೇ ಏರಿಳಿತಕ್ಕೆ ವಿಲೋಮವಾಗಿ ಹಂಚಬಹುದು. ಎರಡೇ ಶೇರುಗಳಿದ್ದು ಒಂದರ ಏರಿಳಿತ 18, ಇನ್ನೊಂದರದು 24 ಆಗಿದ್ದರೆ ವಿಲೋಮ ಪದ್ಧತಿಯಲ್ಲಿ ಮೊದಲನೆಯದಕ್ಕೆ ನೂರಕ್ಕೆ 57, ಎರಡನೆಯದಕ್ಕೆ 43 ರೂಪಾಯಿ ಹೋಗುತ್ತದೆ. ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ ನಡೆಸುವ ನಿಫ್ಟಿ 100 ಲೋ ವೊಲಟಿಲಿಟಿ 30 ಸೂಚ್ಯಂಕ ಹಂಚುವುದು ಹೀಗೆಯೇ. ಅದು ಬೀಟಾವನ್ನು ನೋಡುವುದಿಲ್ಲ, ಒಂದು ವರ್ಷದ ಏರಿಳಿತವನ್ನು ಮಾತ್ರ ನೋಡಿ ಮೂವತ್ತನ್ನು ಆರಿಸುತ್ತದೆ. ಪಟ್ಟಿಯನ್ನು ಬದಲಿಸುವುದು ಮೂರು ತಿಂಗಳಿಗೊಮ್ಮೆ.

ಸೂತ್ರ ಬರೆಯುವುದು ಐದು ನಿಮಿಷದ ಕೆಲಸ. ಹೊತ್ತು ಹಿಡಿಯುವುದು ಅದರೊಳಗೆ ಹೋಗುವ ಅಂಕಿಗಳನ್ನು ಶುದ್ಧ ಮಾಡುವುದು. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಒಂದಕ್ಕೊಂದು ಬೋನಸ್ ಶೇರು ಕೊಟ್ಟಿತು. ಒಂದು ಶೇರು ಎರಡಾಯಿತು, ಬೆಲೆ ಅರ್ಧಕ್ಕಿಳಿಯಿತು, ಯಾರಿಗೂ ನಷ್ಟವಿಲ್ಲ. ಬೋನಸ್ಸಿಗೆ ಸರಿಹೊಂದಿಸದ ಕಚ್ಚಾ ಬೆಲೆಯನ್ನು ಹಾಕಿಕೊಂಡ ಹಾಳೆಯಲ್ಲಿ ಮಾತ್ರ ಅದು ಒಂದೇ ದಿನ ಶೇಕಡಾ 50ರ ಕುಸಿತ. ಲೆಕ್ಕ ಮಾಡಿ ನೋಡಿ: ಶೇಕಡಾ 20 ಏರಿಳಿತವಿದ್ದ ಶೇರಿಗೆ ಇಂಥ ಒಂದೇ ಒಂದು ಸುಳ್ಳು ದಿನ ಸೇರಿಕೊಂಡರೆ ಏರಿಳಿತ ಸುಮಾರು 54ಕ್ಕೆ ಜಿಗಿಯುತ್ತದೆ. ಶೇರು ಪಟ್ಟಿಯ ತಳಕ್ಕೆ ಬಿದ್ದು, ಆ ದಿನ 252 ದಿನಗಳ ಕಿಟಕಿಯಿಂದ ಹೊರಗೆ ಹೋಗುವವರೆಗೆ, ಅಂದರೆ ಪೂರಾ ಒಂದು ವರ್ಷ, ಅಲ್ಲೇ ಇರುತ್ತದೆ. ದೊಡ್ಡ ಕಂಪನಿಯ ಏರಿಳಿತ 50 ದಾಟಿದ್ದು ಕಂಡರೆ ಮೊದಲು ಅದರ ಬೋನಸ್, ವಿಭಜನೆಗಳ ತಾರೀಖು ನೋಡಬೇಕು.

ನಿಜವಾದ ಆಘಾತಗಳೂ ಇದೇ ರೀತಿ ಕಿಟಕಿಯಲ್ಲಿ ಕುಳಿತುಬಿಡುತ್ತವೆ. 2024ರ ಜನವರಿ 17ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಶೇರು ತ್ರೈಮಾಸಿಕ ಫಲಿತಾಂಶದ ಮರುದಿನ ಶೇಕಡಾ 8ಕ್ಕಿಂತ ಹೆಚ್ಚು ಕುಸಿಯಿತು. ಏರಿಳಿತ 18 ಇದ್ದ ಯಾವುದೇ ಶೇರಿಗೆ ಅಂಥ ಒಂದು ದಿನ ಸೇರಿದರೆ ಅಳತೆ 20ರ ಹತ್ತಿರಕ್ಕೆ ಬರುತ್ತದೆ. ಎರಡು ಅಂಶ ದೊಡ್ಡದಲ್ಲ ಎನಿಸಬಹುದು. ಆದರೆ ಪಟ್ಟಿಯ ನಡುವೆ ಶೇರುಗಳು ಒತ್ತೊತ್ತಾಗಿ ನಿಂತಿರುತ್ತವೆ, ಅಷ್ಟರಲ್ಲೇ ಹತ್ತು ಸ್ಥಾನ ಕೆಳಗಿಳಿಯಬಹುದು. ಸರಿಯಾಗಿ ಒಂದು ವರ್ಷದ ನಂತರ, ಕಂಪನಿಯಲ್ಲಿ ಏನೂ ಬದಲಾಗದಿದ್ದರೂ, ಆ ದಿನ ಲೆಕ್ಕದಿಂದ ಜಾರಿ ಶೇರು ಮತ್ತೆ ಮೇಲಕ್ಕೆ ಬರುತ್ತದೆ. ಹಳೆಯ ತಾರೀಖಿನ ದಯೆಯಿಂದ ಒಳಗೆ ಬಂದ ಶೇರು ಯಾವುದು ಎಂದು ಗುರುತಿಸಲು ಮೂರು ತಿಂಗಳ ಏರಿಳಿತವನ್ನೂ ಪಕ್ಕದ ಕಾಲಮಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಏರಿಳಿತ ಕಾಣದೇ ಇರುವ ಅಪಾಯವೂ ಒಂದಿದೆ. ದಿನಕ್ಕೆ ಸರಿಯಾಗಿ ಶೇಕಡಾ 0.1ರಂತೆ ಇಳಿಯುವ ಶೇರನ್ನು ಕಲ್ಪಿಸಿಕೊಳ್ಳಿ. ವರ್ಷದ ಕೊನೆಗೆ ಅದು ಶೇಕಡಾ 22 ಕಳೆದುಕೊಂಡಿರುತ್ತದೆ. ಸೂತ್ರ ತೋರಿಸುವ ಏರಿಳಿತ ಮಾತ್ರ ಸೊನ್ನೆ. ವಾಸ್ತವದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವುದೂ ಇಳಿಯುವುದಿಲ್ಲ, ನಿಧಾನವಾಗಿ ಕರಗುವವು ಮಾತ್ರ ಇವೆ. ಹಿಂದುಸ್ತಾನ್ ಯೂನಿಲಿವರ್ 2021ರ ಸೆಪ್ಟೆಂಬರ್‌ನಲ್ಲಿ 2,800 ರೂಪಾಯಿ ದಾಟಿತ್ತು. 2025ರ ಮಾರ್ಚ್‌ನಲ್ಲಿ 2,300ಕ್ಕಿಂತ ಕೆಳಗಿತ್ತು. ಅದೇ ಅವಧಿಯಲ್ಲಿ ನಿಫ್ಟಿ 17,000ದ ಚಿಲ್ಲರೆಯಿಂದ 22,000 ದಾಟಿತ್ತು. ಕಂಪನಿ ಮುಳುಗಲಿಲ್ಲ, ಲಾಭ ನಿಲ್ಲಲಿಲ್ಲ. ಶಾಂತ ಶೇರುಗಳಿಗೆ ಎಲ್ಲರೂ ಮುಗಿಬಿದ್ದ ಕಾಲದಲ್ಲಿ ಗಳಿಕೆಗೆ ಹೋಲಿಸಿದರೆ ಬೆಲೆ ಅತಿಯಾಗಿತ್ತು. ಬೆಲೆ ದುಬಾರಿಯೋ ಅಗ್ಗವೋ ಎಂಬುದನ್ನು ಏರಿಳಿತವೂ ಹೇಳುವುದಿಲ್ಲ, ಬೀಟಾವೂ ಹೇಳುವುದಿಲ್ಲ.

ಈಗ ಸೂಚ್ಯಂಕದ ಜೊತೆ ಹೋಲಿಕೆ. ಹೆಚ್ಚಿನವರು ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುವುದು ಇಲ್ಲಿ. ಟಿವಿಯಲ್ಲಿ ಓಡುವ ನಿಫ್ಟಿಯ ಅಂಕಿಯಲ್ಲಿ ಡಿವಿಡೆಂಡ್ ಇರುವುದಿಲ್ಲ. ಅದನ್ನೂ ಸೇರಿಸಿದ ಇನ್ನೊಂದು ಸರಣಿ ಇದೆ, ಟೋಟಲ್ ರಿಟರ್ನ್ ಇಂಡೆಕ್ಸ್, ಚಿಕ್ಕದಾಗಿ ಟಿಆರ್‌ಐ. ಮ್ಯೂಚುವಲ್ ಫಂಡ್‌ಗಳು ಇದರ ಜೊತೆಗೇ ಹೋಲಿಸಿಕೊಳ್ಳಬೇಕೆಂದು ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದೆ. ಕಡಿಮೆ ಏರಿಳಿತದ ಪಟ್ಟಿಯಲ್ಲಿ ಕೈತುಂಬ ಡಿವಿಡೆಂಡ್ ಕೊಡುವ ಕಂಪನಿಗಳು ಹೆಚ್ಚು. ನಮ್ಮ ಕಡೆಗೆ ಡಿವಿಡೆಂಡ್ ಸೇರಿಸಿಕೊಂಡು, ಎದುರಿಗೆ ಬರಿಯ ನಿಫ್ಟಿಯನ್ನು ಇಟ್ಟರೆ ವರ್ಷಕ್ಕೆ ಶೇಕಡಾ ಒಂದಕ್ಕಿಂತ ಹೆಚ್ಚಿನ ಗೆಲುವು ಪುಕ್ಕಟೆಯಾಗಿ ಬಂದುಬಿಡುತ್ತದೆ.

ಇನ್ನೊಂದು ತೂಕದ ಪ್ರಶ್ನೆ. ನಿಫ್ಟಿ 100ರಲ್ಲಿ ದೊಡ್ಡ ಕಂಪನಿಗೆ ದೊಡ್ಡ ಪಾಲು. ನಮ್ಮ ಇಪ್ಪತ್ತಕ್ಕೆ ಸಮಪಾಲು ಕೊಟ್ಟಿದ್ದರೆ, ಗೆದ್ದದ್ದು ಶಾಂತ ಶೇರುಗಳಿಂದಲೋ ಸಮಪಾಲಿನಿಂದಲೋ ಹೇಳಲಾಗದು. ಅದಕ್ಕೆ ನಿಫ್ಟಿ 100 ಈಕ್ವಲ್ ವೇಟ್ ಸೂಚ್ಯಂಕವನ್ನೂ ಪಕ್ಕದಲ್ಲಿ ಇಡಬೇಕು. ಇದಕ್ಕಿಂತಲೂ ನೇರವಾದ ಪರೀಕ್ಷೆ ಇದೆ: ಅದೇ ನೂರರಿಂದ ಅತಿ ಹೆಚ್ಚು ಕುಲುಕುವ ಇಪ್ಪತ್ತನ್ನು ಅದೇ ನಿಯಮದಿಂದ ಆರಿಸಿ ಇನ್ನೊಂದು ಪೋರ್ಟ್‌ಫೋಲಿಯೊ ನಡೆಸುವುದು. ಅದೂ ನಮ್ಮಷ್ಟೇ ಗೆಲ್ಲುತ್ತಿದ್ದರೆ ಗೆಲುವಿಗೆ ಕಾರಣ ಬೇರೆ ಏನೋ ಇದೆ.

ಕಾಲದ ತಪ್ಪುಗಳು ಇನ್ನೂ ಸೂಕ್ಷ್ಮ. ತಿಂಗಳ ಕೊನೆಯ ದಿನದ ಮುಕ್ತಾಯ ಬೆಲೆ ಸೇರಿಸಿ ಪಟ್ಟಿ ಮಾಡಿದರೆ, ಕೊಳ್ಳುವುದು ಮರುದಿನದ ಬೆಲೆಗೆ. ಅದೇ ಮುಕ್ತಾಯ ಬೆಲೆಗೆ ಕೊಂಡೆನೆಂದು ಬರೆಯುವಂತಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇಂದಿನ ನಿಫ್ಟಿ 100 ಪಟ್ಟಿಯನ್ನು ಹಿಡಿದು ಹದಿನೈದು ವರ್ಷ ಹಿಂದಕ್ಕೆ ಹೋಗುವುದು. ಇಂದಿನ ಪಟ್ಟಿಯಲ್ಲಿರುವವರೆಲ್ಲ ಬದುಕಿ ಉಳಿದವರು. ಸತ್ಯಂ ಕಂಪ್ಯೂಟರ್ಸ್ 2009ರ ಜನವರಿ 7ರಂದು ತನ್ನ ಲೆಕ್ಕಪತ್ರದ ಮೋಸ ಬಯಲಾದಾಗ ಒಂದೇ ದಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮೌಲ್ಯ ಕಳೆದುಕೊಂಡಿತು. ಆ ಹೊತ್ತಿಗೆ ಅದು ನಿಫ್ಟಿ 50ರಲ್ಲಿತ್ತು. ಯೂನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಶನ್ಸ್, ಯೆಸ್ ಬ್ಯಾಂಕ್ ಕೂಡ ಒಂದೊಂದು ಕಾಲಕ್ಕೆ ಅಲ್ಲಿದ್ದವೇ. ಇವು ಇಲ್ಲದ ಹಳೆಯ ಲೆಕ್ಕದಲ್ಲಿ ಯಾವ ತಂತ್ರವೂ ಸೋಲುವುದಿಲ್ಲ. ಸೂಚ್ಯಂಕಕ್ಕೆ ಯಾರು ಬಂದರು, ಯಾರು ಹೋದರು ಎಂಬ ಪ್ರಕಟಣೆಗಳು ವಿನಿಮಯ ಕೇಂದ್ರದಿಂದ ಹೊರಬೀಳುತ್ತವೆ. ಅವನ್ನು ಕೂತು ಜೋಡಿಸಿ ಆಯಾ ತಿಂಗಳ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೆ ಅಂಕಿಗಳಲ್ಲಿ ಏನು ಕಾಣಬೇಕು? ಏರುವ ತಿಂಗಳುಗಳಲ್ಲಿ ಪೋರ್ಟ್‌ಫೋಲಿಯೊ ಹಿಂದೆ ಬೀಳಬೇಕು, ಇಳಿಯುವ ತಿಂಗಳುಗಳಲ್ಲಿ ಕಡಿಮೆ ಇಳಿಯಬೇಕು. ಲಾಭ ಹುಟ್ಟುವುದು ಈ ಎರಡನೆಯದರಿಂದ, ಒಂದು ಸರಳ ಗಣಿತದ ಕಾರಣಕ್ಕೆ. ಸೂಚ್ಯಂಕ ಒಂದು ವರ್ಷ ಶೇಕಡಾ 30 ಏರಿ, ಮರುವರ್ಷ 20 ಇಳಿಯಿತು ಎನ್ನಿ. ಸರಾಸರಿ ವರ್ಷಕ್ಕೆ 5. ಕೈಯಲ್ಲಿ ಉಳಿದದ್ದು 100ಕ್ಕೆ 104. ನಮ್ಮದು 18 ಏರಿ, 9 ಇಳಿಯಿತು. ಸರಾಸರಿ 4.5, ಸೂಚ್ಯಂಕಕ್ಕಿಂತ ಕಡಿಮೆ. ಕೈಯಲ್ಲಿ ಉಳಿದದ್ದು ಮಾತ್ರ 107 ರೂಪಾಯಿಗೂ ಹೆಚ್ಚು. 2020ರ ಜನವರಿ ಮಧ್ಯದಲ್ಲಿ 12,362ರಲ್ಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂತು. ಶೇಕಡಾ 38ರ ಆ ಕುಸಿತ ತುಂಬಲು 62 ಏರಬೇಕಾಗಿತ್ತು. 28 ಮಾತ್ರ ಇಳಿದಿದ್ದರೆ 39 ಏರಿದ್ದರೆ ಸಾಕು.

ಒಟ್ಟು ಲಾಭದಲ್ಲಿ ಸೂಚ್ಯಂಕಕ್ಕಿಂತ ಹಿಂದೆ ಉಳಿದರೂ ತಂತ್ರ ಸೋತಿತು ಎನ್ನುವಂತಿಲ್ಲ. ಪೋರ್ಟ್‌ಫೋಲಿಯೊದ ಬೀಟಾ 0.7, ಸೂಚ್ಯಂಕದ ಲಾಭ 12, ಸರ್ಕಾರಿ ಸಾಲಪತ್ರದ ಬಡ್ಡಿ 6.5 ಎಂದಿಟ್ಟುಕೊಳ್ಳಿ. ಅಪಾಯವಿಲ್ಲದ ಬಡ್ಡಿಗಿಂತ ಸೂಚ್ಯಂಕ ಹೆಚ್ಚು ಕೊಟ್ಟದ್ದು 5.5. ಅದರ ಶೇಕಡಾ 70, ಅಂದರೆ 3.85 ಅನ್ನು 6.5ಕ್ಕೆ ಸೇರಿಸಿದರೆ 10.35. ಇಷ್ಟು ಅಪಾಯಕ್ಕೆ ಶಾರ್ಪ್ ಸಿದ್ಧಾಂತ ನಿರೀಕ್ಷಿಸುವ ಲಾಭ ಅದು. ನಮಗೆ 11.5 ಬಂದಿದ್ದರೆ ಸೂಚ್ಯಂಕಕ್ಕಿಂತ ಅರ್ಧ ಅಂಶ ಹಿಂದೆ, ಹೊತ್ತ ಅಪಾಯಕ್ಕೆ ಹೋಲಿಸಿದರೆ ಒಂದಕ್ಕಿಂತ ಹೆಚ್ಚು ಅಂಶ ಮುಂದೆ.

ಹಿಂದೆ ಬಿದ್ದಾಗ ಎಷ್ಟು ಬೀಳಬಹುದು ಎಂಬುದಕ್ಕೆ ಅಮೆರಿಕದ ಉದಾಹರಣೆ ಸಾಕು. ಎಸ್‌ ಆ್ಯಂಡ್‌ ಪಿ 500ರ ಅತಿ ಶಾಂತ ನೂರು ಶೇರುಗಳ ಸೂಚ್ಯಂಕ 2022ರಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇಳಿಯಿತು, ಮೂಲ ಸೂಚ್ಯಂಕ 18 ಇಳಿದಿತ್ತು. ಹೆಮ್ಮೆಪಡುವ ಅಂಕಿಯೇ. ಆದರೆ ಅದಕ್ಕೆ ಎರಡು ವರ್ಷ ಮೊದಲು, 2020ರಲ್ಲಿ, ಮೂಲ ಸೂಚ್ಯಂಕ 18 ಏರಿದಾಗ ಇದು ಒಂದಕ್ಕಿಂತ ಸ್ವಲ್ಪ ಹೆಚ್ಚೇ ಇಳಿದಿತ್ತು. ಕುಸಿತದಲ್ಲಿ ಕಾಪಾಡಬೇಕಿದ್ದದ್ದು ಮಾರ್ಚ್‌ನಲ್ಲಿ ಎಲ್ಲರ ಜೊತೆ ಬಿತ್ತು, ಪೇಟೆ ಎದ್ದಾಗ ಏಳಲಿಲ್ಲ. ಮನೆಯಲ್ಲಿ ಕುಳಿತವರೆಲ್ಲ ಬಳಸಿದ ತಂತ್ರಜ್ಞಾನ ಕಂಪನಿಗಳು ಪಟ್ಟಿಯ ಹೊರಗಿದ್ದವು. ಹಿಂದಿನ ವರ್ಷದ ಲೆಕ್ಕದಲ್ಲಿ ಶಾಂತವಾಗಿದ್ದ ಕಟ್ಟಡ ಬಾಡಿಗೆಯ ಕಂಪನಿಗಳು ಒಳಗಿದ್ದವು. ಹಿಂದಿನ ಏರಿಳಿತ ಮುಂದಿನದನ್ನು ಸಾಮಾನ್ಯ ದಿನಗಳಲ್ಲಿ ಚೆನ್ನಾಗಿಯೇ ಊಹಿಸುತ್ತದೆ. ಆಘಾತದ ಸ್ವರೂಪವೇ ಹೊಸದಾದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ.

ಕೊನೆಗೆ ತಿಂಗಳಿಗೊಮ್ಮೆ ಬದಲಿಸುವ ವಿಷಯ. ಒಂದು ವರ್ಷದ ಕಿಟಕಿಯಲ್ಲಿ ತಿಂಗಳಿಗೆ ಹೊಸದಾಗಿ ಬರುವುದು 21 ದಿನ, ಹೊರಗೆ ಹೋಗುವುದು 21 ದಿನ. ಹನ್ನೆರಡರಲ್ಲಿ ಹನ್ನೊಂದು ಪಾಲು ಅದೇ ಹಳೆಯ ಅಂಕಿ. ಹೀಗಾಗಿ ಪಟ್ಟಿಯ ಮೇಲಿನ ಹತ್ತು ಶೇರುಗಳು ತಿಂಗಳಿಂದ ತಿಂಗಳಿಗೆ ಬಹುಪಾಲು ಅವೇ ಇರುತ್ತವೆ. ಬದಲಾಗುವುದು ಗಡಿಯಲ್ಲಿ ನಿಂತವು: ಹತ್ತೊಂಬತ್ತನೆಯದು ಇಪ್ಪತ್ತೆರಡಾಗುತ್ತದೆ, ಮುಂದಿನ ತಿಂಗಳು ಮತ್ತೆ ಹದಿನೆಂಟು. ಇವುಗಳ ಹಿಂದೆ ಓಡಿದರೆ ಅಪಾಯ ಕಡಿಮೆಯಾಗುವುದಿಲ್ಲ, ಖರ್ಚು ಹೆಚ್ಚುತ್ತದೆ.

ಎಷ್ಟು ಹೆಚ್ಚುತ್ತದೆ ನೋಡೋಣ. ಹತ್ತು ಲಕ್ಷ ರೂಪಾಯಿ, ಇಪ್ಪತ್ತು ಶೇರು, ಒಂದೊಂದರಲ್ಲಿ 50,000. ತಿಂಗಳಿಗೆ ಎರಡು ಶೇರು ಬದಲಾದರೆ ವರ್ಷಕ್ಕೆ 12 ಲಕ್ಷದ ಮಾರಾಟ, 12 ಲಕ್ಷದ ಖರೀದಿ. ಎರಡೂ ಕಡೆ ಶೇಕಡಾ 0.1ರ ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, 2,400 ರೂಪಾಯಿ. ಖರೀದಿಯ ಮೇಲೆ ಮುದ್ರಾಂಕ ಶುಲ್ಕ 180. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರಕ್ಕೆ ಪ್ರತಿ ಕಡೆ 0.1 ಎಂದರೂ ಇನ್ನೊಂದು 2,400. ಡಿಮ್ಯಾಟ್ ಶುಲ್ಕ ಇತ್ಯಾದಿ ಸೇರಿ ಒಟ್ಟು ಐದೂವರೆ ಸಾವಿರದ ಹತ್ತಿರ, ಬಂಡವಾಳದ ಶೇಕಡಾ ಅರ್ಧ. ಇದನ್ನಾದರೂ ಸಹಿಸಬಹುದು. ತೆರಿಗೆ ದೊಡ್ಡದು. ವರ್ಷದೊಳಗೆ ಮಾರಿದ ಶೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 20, ಅದರ ಮೇಲೆ 4ರ ಸೆಸ್. ಹೀಗೆ ಬಂದ ಅಲ್ಪಾವಧಿ ಲಾಭ 80,000 ಇದ್ದರೆ 16,640 ರೂಪಾಯಿ ತೆರಿಗೆ. ಎರಡೂ ಸೇರಿ ಬಂಡವಾಳದ ಶೇಕಡಾ ಎರಡಕ್ಕಿಂತ ಹೆಚ್ಚು ಹೋಯಿತು. ಕದಲದೆ ಕುಳಿತು 12 ತಿಂಗಳು ದಾಟಿಸಿದವರಿಗೆ ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇಲ್ಲ, ಮೇಲಿನದಕ್ಕೆ 12.5. ಸೂಚ್ಯಂಕಕ್ಕಿಂತ ಒಂದೂವರೆ ಅಂಶ ಮುಂದಿರುವ ತಂತ್ರ ಈ ಸೋರಿಕೆಯಲ್ಲಿ ಹಿಂದಕ್ಕೆ ಬೀಳುತ್ತದೆ.

ಉಪಾಯ ಕಷ್ಟದ್ದಲ್ಲ. ಒಳಗೆ ಬರಲು ಮೊದಲ ಇಪ್ಪತ್ತರಲ್ಲಿ ಇರಬೇಕು. ಒಳಗಿದ್ದದ್ದು ಮೂವತ್ತರ ಆಚೆಗೆ ಜಾರಿದಾಗ ಮಾತ್ರ ಹೊರಗೆ ಕಳಿಸಬೇಕು. ನಡುವೆ ಬಿಟ್ಟ ಹತ್ತು ಸ್ಥಾನ ಗಡಿಯ ಓಡಾಟವನ್ನು ನುಂಗುತ್ತದೆ. ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ಕೈ ಹಾಕುವುದು ಮೂರು ತಿಂಗಳಿಗೊಮ್ಮೆ ಸಾಕು ಎಂಬುದು ನನ್ನ ಅಭಿಪ್ರಾಯ. ಬೋನಸ್ ಗೊಂದಲ, ಹಗರಣ, ಶೇರು ಮರುಖರೀದಿಯ ಘೋಷಣೆ ಇವುಗಳಿಗೆ ಮಾತ್ರ ತಿಂಗಳ ನೋಟ ಬೇಕು. ಏರಿಳಿತವೊಂದೇ ಸಾಕೆನ್ನುವವರಿಗೆ ಇನ್ನೂ ಅಗ್ಗದ ದಾರಿಯಿದೆ: ಕಡಿಮೆ ಏರಿಳಿತದ ಸೂಚ್ಯಂಕಗಳನ್ನು ಅನುಸರಿಸುವ ಮ್ಯೂಚುವಲ್ ಫಂಡ್‌ಗಳು ಮತ್ತು ಇಟಿಎಫ್‌ಗಳು. ಫಂಡ್ ತನ್ನೊಳಗೆ ಶೇರುಗಳನ್ನು ಕೊಂಡು ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ಹೂಡಿಕೆದಾರ ತನ್ನ ಯೂನಿಟ್ ಮಾರಿದ ದಿನವಷ್ಟೇ ಬೀಳುತ್ತದೆ. ಬೀಟಾವನ್ನೂ ಸೇರಿಸಿ ತಮ್ಮದೇ ಪಟ್ಟಿ ನಡೆಸುವವರು ಹಾಳೆಯಲ್ಲಿ ಇನ್ನೊಂದು ಕಾಲಮ್ ಇಟ್ಟುಕೊಂಡು ಪ್ರತಿ ಶೇರನ್ನು ಕೊಂಡ ತಾರೀಖು ಬರೆದಿಡಲಿ. ಹನ್ನೊಂದನೆಯ ತಿಂಗಳಲ್ಲಿ ಮೂವತ್ತೊಂದನೆಯ ಸ್ಥಾನಕ್ಕೆ ಜಾರಿದ ಶೇರನ್ನು ಲಾಭದಲ್ಲಿದ್ದರೆ 12 ತಿಂಗಳು ದಾಟುವವರೆಗೆ ಹಾಗೇ ಬಿಡುವುದರಿಂದ ಪೋರ್ಟ್‌ಫೋಲಿಯೊದ ಏರಿಳಿತ ಹೆಚ್ಚೆಂದರೆ ದಶಮಾಂಶದಲ್ಲಿ ಬದಲಾಗುತ್ತದೆ, ತೆರಿಗೆ ಮಾತ್ರ 20ರಿಂದ 12.5ಕ್ಕೆ ಇಳಿಯುತ್ತದೆ.